ಸೌಟಿಗೊಂದು ಅರ್ಜಿ

(ಆಫೀಸಿನ ಕ್ಯಾಂಟೀನು. ಗಲ್ಲಾದಲ್ಲಿ ಕೂತ ಮ್ಯಾನೇಜರು ನೌಕರನ ಪತ್ರ ಓದುತ್ತಿದ್ದಾರೆ.)

ಮ್ಯಾನೇಜರ್: "ಅನ್ನಕ್ಕೂ ಪಲ್ಯಕ್ಕೂ ಅಳತೆಯ ಸೌಟು ಇಡಬೇಕಾಗಿ ವಿನಂತಿ." ಅಳತೆ ಇದೆಯಲ್ಲ ಸಾರ್, ಬಡಿಸೋ ಹುಡುಗನ ಕೈ!

ನೌಕರ: ಆ ಕೈ ಸಾಹೇಬರನ್ನ ಕಂಡ್ರೆ ಧಾರಾಳ, ನನ್ನ ಕಂಡ್ರೆ ಬಿಗಿ.

ಮ್ಯಾನೇಜರ್: "ಎಣ್ಣೆ ಕಮ್ಮಿ ಇರುವ ಪಲ್ಯವೂ ಒಂದಿರಲಿ." ನಮ್ಮದು ಕಮ್ಮೀನೇ ಸಾರ್.

ನೌಕರ: ನಿನ್ನೆ ಬೀನ್ಸ್ ಪಲ್ಯ ತಿಂದ ಮೇಲೆ ತಟ್ಟೆ ಓರೆ ಮಾಡಿದೆ. ಎರಡು ಚಮಚ ಎಣ್ಣೆ ಇಳೀತು. ಟೀ ಚಮಚಕ್ಕೆ ಸುಮಾರು 40 ಕ್ಯಾಲೊರಿ!

ಮ್ಯಾನೇಜರ್: ಭಟ್ಟರು ಡಬ್ಬ ಎತ್ತಿ ಸುರೀತಾರೆ. ಅಳೀರಿ ಅಂದ್ರೆ ಕೆಲಸ ಬಿಡ್ತಾರೆ.

ನೌಕರ: 50 ಜನಕ್ಕೆ ತಲೆಗೊಂದು ಟೀ ಚಮಚ ಅಂದ್ರೆ ಕಾಲು ಲೀಟರ್. ಒಂದು ಪಾವು ಲೋಟ ಕೊಡಿ. ಬೀನ್ಸ್ ಹಬೆಯಲ್ಲಿ ಬೆಂದಿದ್ರೆ ಒಗ್ಗರಣೆಗೆ ಅಷ್ಟೇ ಧಾರಾಳ.

ಮ್ಯಾನೇಜರ್: ಹಾಗಾದ್ರೆ ಪೂರಿ ಕರಿದು ಉಳಿದ ಎಣ್ಣೆ ಎಲ್ಲಿಗೆ ಹಾಕ್ಲಿ?

ನೌಕರ: ಅಂದ್ರೆ... ಆ ಪಲ್ಯಕ್ಕೆ?

ಮ್ಯಾನೇಜರ್: (ಪತ್ರ ಮಡಚುತ್ತ) ಅರ್ಜಿ ಮಂಜೂರು! ಆದ್ರೆ ಎಣ್ಣೆ ಕಮ್ಮಿ ಪಲ್ಯಕ್ಕೆ ಹತ್ತು ರೂಪಾಯಿ ಜಾಸ್ತಿ.

ನೌಕರ: ಎಣ್ಣೆ ಉಳೀತಲ್ಲ, ಜಾಸ್ತಿ ಯಾಕೆ?

ಮ್ಯಾನೇಜರ್: 'ಡಯಟ್ ಪಲ್ಯ' ಅಂತ ಬೋರ್ಡು ಬರೆಸಬೇಕಲ್ಲ ಸಾರ್!