ಒಂದು ಲೋಟ ಹಾಲಿಗೆ ಒಂದು ಲಾರಿ ಪುಡಿ

ಹದಿನೆಂಟು ಗ್ರಾಂ ಎಂದರೆ ಎಷ್ಟು ಕಿಲೋ? ಕಾನಹೊಸಹಳ್ಳಿ ಕಡೆಯ ಶಾಲೆಯೊಂದರ ವರ್ಕ್‌ಶೀಟಿನಲ್ಲಿ ಈ ಲೆಕ್ಕಕ್ಕೆ ಹುಡುಗನೊಬ್ಬ 18,000 ಎಂದು ಬರೆದಿದ್ದಾನೆ. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಇಂಟು ಮಾರ್ಕು ಎಳೆದು ಮುಂದಿನ ಲೆಕ್ಕಕ್ಕೆ ಹೋಗಿದ್ದಾರೆ. ಅಷ್ಟು ದೊಡ್ಡ ಉತ್ತರವನ್ನು ಅಷ್ಟು ಬೇಗ ಬಿಟ್ಟುಕೊಡಬಾರದಿತ್ತು.

18 ಗ್ರಾಂ ಎಂಬುದು ಯಾರಿಗೋ ತೋಚಿದ ಅಂಕಿಯಲ್ಲ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದ ಲೆಕ್ಕ ಅದು. ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿ, ಅದರಿಂದ 150 ಮಿಲಿಲೀಟರ್ ಹಾಲು. ನಮ್ಮ ಹುಡುಗನ ಉತ್ತರದ ಪ್ರಕಾರ ಹಂಚಿದರೆ ತಲೆಗೆ 18 ಟನ್. 120 ಮಕ್ಕಳ ಶಾಲೆಯಾದರೆ 120 ಲಾರಿ ಬರಬೇಕು. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಊರ ಬಾಗಿಲಿಂದ ಕೂಡ್ಲಿಗಿ ದಿಕ್ಕಿಗೆ ಒಂದರ ಹಿಂದೆ ಒಂದು ನಿಲ್ಲಿಸಿದರೂ ಸಾಲು ಎರಡು ಕಿಲೋಮೀಟರಿಗೆ ಹತ್ತಿರ. ಅದೂ ಒಂದು ದಿನದ ಹಾಲಿಗೆ. ಯೋಜನೆಯನ್ನು ಇಷ್ಟು ಧಾರಾಳವಾಗಿ ಜಾರಿಗೆ ತರಲು ಯಾವ ಸರ್ಕಾರಕ್ಕೂ ಆಗಿಲ್ಲ, ವರ್ಕ್‌ಶೀಟಿಗೆ ಒಂದೇ ಗೆರೆಯಲ್ಲಿ ಆಗಿದೆ.

ಹುಡುಗ ದಡ್ಡನಲ್ಲ. ಬೆಳಗ್ಗೆ ಆ ಹಾಲನ್ನು ಕುಡಿದೇ ಲೆಕ್ಕಕ್ಕೆ ಕೂತಿರುತ್ತಾನೆ. 'ಪುಡಿ ಚಮಚದಾಗ ಬರ್ತೈತೋ, ಲಾರ್‍ಯಾಗ ಬರ್ತೈತೋ?' ಎಂದು ಕೇಳಿದರೆ ನಮ್ಮನ್ನೇ ನೋಡಿ ನಗುತ್ತಾನೆ. ಆದರೆ ವರ್ಕ್‌ಶೀಟು ಅದನ್ನು ಕೇಳುವುದಿಲ್ಲ. ಅದರ ಕಾಳಜಿಯೆಲ್ಲ ಬಾಣದ ಗುರುತಿನದು. ಹಾಳೆಯ ನೆತ್ತಿಯಲ್ಲಿ ಒಂದು ಚೌಕ, ಅದರೊಳಗೆ ನಿಯಮ: ದೊಡ್ಡ ಮಾನದಿಂದ ಚಿಕ್ಕದಕ್ಕೆ ಹೋದರೆ ಬಿಂದು ಬಲಕ್ಕೆ, ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ ಎಡಕ್ಕೆ. ಟ್ರಾಫಿಕ್ ಪೊಲೀಸರೂ ಇದಕ್ಕಿಂತ ಸ್ವಲ್ಪ ಕಾರಣ ಹೇಳಿ ಗಾಡಿ ತಿರುಗಿಸುತ್ತಾರೆ.

ಹುಡುಗನಿಗೆ ಬಾಣ ಮರೆತುಹೋಯಿತು. ಮರೆತವನು ಸುಮ್ಮನೆ ಕೂರದೆ ಯೋಚಿಸಿದ. ಗ್ರಾಂ ಚಿಕ್ಕದು, ಕಿಲೋ ದೊಡ್ಡದು. ದೊಡ್ಡದಕ್ಕೆ ಹೋಗುತ್ತಿದ್ದೇವೆ, ಅಂದಮೇಲೆ ಅಂಕಿಯೂ ದೊಡ್ಡದಾಗಬೇಕು. ಮೇಲ್ನೋಟಕ್ಕೆ ಎಂಥ ನ್ಯಾಯವಾದ ಮಾತು! ಬಿಂದುವನ್ನು ತಪ್ಪು ದಿಕ್ಕಿಗೆ ಅಟ್ಟುವ ಮಕ್ಕಳಲ್ಲಿ ಬಹಳ ಮಂದಿ ಇದೇ ದಾರಿಯಲ್ಲಿ ಬಂದವರು. ಅಳತೆಯ ನಡೆ ಇದಕ್ಕೆ ತಿರುಗುಮುರುಗು: ಅಳೆಯುವ ಪಾತ್ರೆ ದೊಡ್ಡದಾದಷ್ಟೂ ಎಣಿಕೆ ಚಿಕ್ಕದಾಗುತ್ತದೆ. ಕೊಡದಲ್ಲಿ ಹತ್ತು ಸಲಕ್ಕೆ ತುಂಬುವ ತೊಟ್ಟಿಗೆ ಚೊಂಬಿನಲ್ಲಿ ನೂರು ಸಲ ಸುರಿಯಬೇಕು. ನಲ್ಲಿ ನೀರಿನ ಸರದಿಗೆ ಕಾದ ಈ ಸೀಮೆಯ ಮಕ್ಕಳಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ನೆನಪಿಸಿದರೆ ಸಾಕು. ಆದರೆ ಚೌಕದೊಳಗೆ ಕೊಡ, ಚೊಂಬು ಹಿಡಿಸುವುದಿಲ್ಲ.

ಅಲ್ಲಿ ಹಿಡಿಸಿರುವುದು ಏಣಿಯ ಚಿತ್ರ: ಕಿಲೋ, ಹೆಕ್ಟೋ, ಡೆಕಾ, ಗ್ರಾಂ, ಡೆಸಿ, ಸೆಂಟಿ, ಮಿಲಿ. ಕಿಲೋದಿಂದ ಗ್ರಾಮಿಗೆ ಮೂರು ಮೆಟ್ಟಿಲು, ಆದ್ದರಿಂದ ಬಿಂದು ಮೂರು ಮನೆ ಜರುಗಬೇಕು. ಕೂಡ್ಲಿಗಿಯಿಂದ ಹಡಗಲಿವರೆಗೆ ಯಾವ ಅಂಗಡಿಯಲ್ಲಾದರೂ ಎರಡು ಹೆಕ್ಟೋಗ್ರಾಂ ಸಕ್ಕರೆ ಕೇಳಿ ನೋಡಿ, ಅಂಗಡಿಯವರು ಮೆಡಿಕಲ್ ಶಾಪಿನ ದಾರಿ ತೋರಿಸುತ್ತಾರೆ. ಈ ಏಣಿಯನ್ನು ಬೆರಳಿಟ್ಟು ಇಳಿಯುವಾಗ ಕೆಲವರು ತಾವು ನಿಂತ ಮೆಟ್ಟಿಲನ್ನೂ ಎಣಿಸಿ ನಾಲ್ಕು ಮನೆ ಹೋಗುತ್ತಾರೆ. ದಿಕ್ಕು ಸರಿ, ಹೆಜ್ಜೆ ಒಂದು ಜಾಸ್ತಿ.

ಇಂಟು ಮಾರ್ಕಿನ ಅಸಲಿ ಸಮಸ್ಯೆ ಇಲ್ಲಿದೆ. 3,075 ಗ್ರಾಮನ್ನು ಕಿಲೋಗೆ ಪರಿವರ್ತಿಸಿ ಎಂಬ ಲೆಕ್ಕವನ್ನೇ ನೋಡಿ. ಸರಿಯುತ್ತರ 3.075. ಒಬ್ಬಳು 30,75,000 ಎಂದು ಬರೆದಳು, ಇನ್ನೊಬ್ಬ 30.75 ಎಂದ, ಮತ್ತೊಬ್ಬ 3.75 ಎಂದ. ಮೂವರಿಗೂ ಒಂದೇ ಅಳತೆಯ ಇಂಟು, ಒಂದೇ ಸೊನ್ನೆ. ಕಾಯಿಲೆ ಮಾತ್ರ ಮೂರು ಬೇರೆ. ಬರೆದ ಉತ್ತರವನ್ನು ಸರಿಯುತ್ತರದಿಂದ ಭಾಗಿಸಿ ನೋಡಿದರೆ ನಾಡಿ ಸಿಗುತ್ತದೆ. ಮೊದಲಿನವಳದು ಹತ್ತು ಲಕ್ಷ ಪಟ್ಟು: ಸಾವಿರದಿಂದ ಭಾಗಿಸುವಲ್ಲಿ ಸಾವಿರದಿಂದ ಗುಣಿಸಿದ್ದಾಳೆ, ಅಂದರೆ ದಿಕ್ಕು ತಪ್ಪಿದೆ. ಎರಡನೆಯವನದು ಹತ್ತು ಪಟ್ಟು, ಹೆಜ್ಜೆ ಎಣಿಸುವುದರಲ್ಲಿ ಒಂದು ಎಡವಟ್ಟು. ಮೂರನೆಯವನದು ಹತ್ತರ ಲೆಕ್ಕಕ್ಕೇ ಸಿಗುವುದಿಲ್ಲ. ಅವನಿಗೆ ದಿಕ್ಕೂ ಗೊತ್ತು, 3 ಕಿಲೋ 75 ಗ್ರಾಂ ಎಂಬುದೂ ಗೊತ್ತು. ಬರೆಯುವಾಗ ಮಧ್ಯದ ಸೊನ್ನೆಗೆ ಕೆಲಸವಿಲ್ಲವೆಂದು ತೆಗೆದುಹಾಕಿದ್ದಾನೆ. ಹುಣಸೆಹಣ್ಣು ಕೊಳ್ಳಲು ಹೋಗಿ ತಕ್ಕಡಿಯ ಪರದೆಯ ಮೇಲಿನ 3.075 ಅನ್ನು ಹೀಗೇ ಓದಿದರೆ, ಇಲ್ಲದ 675 ಗ್ರಾಂ ಹಣ್ಣಿಗೂ ದುಡ್ಡು ಕೊಟ್ಟು ಬರುತ್ತಾನೆ. ಬಾಣದ ನಿಯಮವನ್ನು ಇನ್ನು ಹತ್ತು ಸಲ ಬರೆಸಿದರೂ ಈತನಿಗೆ ಪ್ರಯೋಜನವಿಲ್ಲ, ಏಕೆಂದರೆ ಬಾಣ ಅವನಿಗೆ ಮೊದಲೇ ಬರುತ್ತದೆ.

ಆದರೆ ಹಾಳೆ ತಯಾರಿಸಿದವರು ಜಾಣರು. ಇಂಥ ತೊಡಕಿನ ಲೆಕ್ಕ ಒಂದೋ ಎರಡೋ ಇಟ್ಟು, ಉಳಿದ ಜಾಗಕ್ಕೆ 3,000 ಗ್ರಾಂ, 5,000 ಮಿಲಿಲೀಟರ್, 7,000 ಗ್ರಾಂ ತುಂಬಿದ್ದಾರೆ. ಮೂರು ಸೊನ್ನೆ ಹೊಡೆದರೆ ಉತ್ತರ ಸಿದ್ಧ. ದಶಮಾಂಶ ಬಿಂದುವಿನ ಮುಖವನ್ನೇ ನೋಡದ ಮಗುವೂ ದಶಮಾಂಶದಲ್ಲಿ ಪಾಸು. ಸಿಆರ್‌ಪಿ ಬಂದಾಗ ತೋರಿಸಲು ಕಲಿಕಾ ಫಲದ ಮುಂದೆ ಟಿಕ್ಕು.

ಪಕ್ಕದ ಬಿಸಿಯೂಟದ ಕೋಣೆಯಲ್ಲಿ ಇದೇ ಪರೀಕ್ಷೆ ದಿನವೂ ನಡೆಯುತ್ತದೆ, ಅಲ್ಲಿ ಇಂಟು ಮಾರ್ಕು ಹಾಕುವುದು ಸಾರು. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ 20 ಗ್ರಾಂ ಬೇಳೆ. 120 ಮಕ್ಕಳಿಗೆ 2,400 ಗ್ರಾಂ, ಅಂದರೆ 2.4 ಕಿಲೋ. ಅದನ್ನು 2 ಕಿಲೋ 4 ಗ್ರಾಂ ಎಂದು ಓದಿದರೆ 396 ಗ್ರಾಂ ಬೇಳೆ ಡಬ್ಬಿಯಲ್ಲೇ ಉಳಿಯುತ್ತದೆ, ಸಾರಿನ ತಳ ಕಾಣುತ್ತದೆ. 2.4 ಕಿಲೋವನ್ನು ಉಲ್ಟಾ ದಿಕ್ಕಿಗೆ ಓಡಿಸಿ 0.0024 ಗ್ರಾಂ ಮಾಡಿದರಂತೂ ಒಂದು ಬೇಳೆಯ ಚೂರೂ ಸಿಗುವುದಿಲ್ಲ. ಅಡುಗೆಯವರು ಬಾಣ ಎಳೆಯುವುದಿಲ್ಲ. ಸೇರಿನ ಲೆಕ್ಕ ಕೇಳಿ ಬೆಳೆದವರು. ಪಾತ್ರೆ ನೋಡುತ್ತಾರೆ, ಸಾಲಿನಲ್ಲಿ ಕೂತ ಮಕ್ಕಳನ್ನು ನೋಡುತ್ತಾರೆ, ಅಂಕಿ ಹುಚ್ಚುಚ್ಚಾಗಿದ್ದರೆ ಮೇಷ್ಟ್ರನ್ನು ಕರೆಯುತ್ತಾರೆ.

ಎಣ್ಣೆಯ ಹೊತ್ತಿಗೆ ವರ್ಕ್‌ಶೀಟಿನ ಬಣ್ಣ ಪೂರ್ತಿ ಬಯಲಾಗುತ್ತದೆ. ಮಗುವಿಗೆ 5 ಗ್ರಾಂ, 120 ಮಕ್ಕಳಿಗೆ 600 ಗ್ರಾಂ. ಪ್ಯಾಕೆಟ್ಟು ಮಾತ್ರ ಲೀಟರಿನದು. ಬಿಂದುವನ್ನು ಮೂರು ಮನೆ ಜರುಗಿಸಿ 0.6 ಲೀಟರ್ ಸುರಿದರೆ ಸಾಲದು, ಏಕೆಂದರೆ ಒಂದು ಲೀಟರ್ ಅಡುಗೆ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಬೇಕಾಗಿರುವುದು 660 ಮಿಲಿಲೀಟರ್ ಆಸುಪಾಸು. ಲೀಟರಿಂದ ಗ್ರಾಮಿಗೆ ಸಾವಿರದ ಏಣಿ ನೀರಿಗೆ ಮಾತ್ರ ಸರಿಹೊಂದುತ್ತದೆ, ಉಳಿದ ಪದಾರ್ಥಕ್ಕೆ ಅದರದರ ಸಾಂದ್ರತೆ ಕೇಳಬೇಕು. ಕೇಳದಿದ್ದವರು ಕೂಡ್ಲಿಗಿಯಲ್ಲಷ್ಟೇ ಇಲ್ಲ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ ಇಂಧನ ತುಂಬುವಾಗ, ಲೀಟರನ್ನು ಕಿಲೋ ಮಾಡಲು ಸುಮಾರು 0.8ರಿಂದ ಗುಣಿಸುವ ಬದಲು ಪೌಂಡಿನ ಲೆಕ್ಕದ 1.77ರಿಂದ ಗುಣಿಸಿದರು. ಕಾಗದದಲ್ಲಿ ಟ್ಯಾಂಕು ತುಂಬಿತ್ತು, ಆಕಾಶದಲ್ಲಿ ಖಾಲಿಯಾಯಿತು. ಎಂಜಿನ್ನುಗಳು ನಿಂತ ವಿಮಾನವನ್ನು ತೇಲಿಸಿಕೊಂಡೇ ಗಿಮ್ಲಿ ಎಂಬಲ್ಲಿನ ಹಳೇ ವಾಯುನೆಲೆಯಲ್ಲಿ ಇಳಿಸಿದರು, ಪ್ರಾಣಹಾನಿಯಾಗಲಿಲ್ಲ.

ನಮ್ಮ ವರ್ಕ್‌ಶೀಟಿನ ಕೊನೆಯ ಲೆಕ್ಕ ಹೀಗಿದೆ: 1 ಲೀಟರ್ ಎಣ್ಣೆ = ___ ಗ್ರಾಂ. ಮನೆಯ ಪ್ಯಾಕೆಟ್ಟಿನ ಮೇಲಿದ್ದುದನ್ನು ಓದಿಕೊಂಡಿದ್ದ ಹುಡುಗಿಯೊಬ್ಬಳು 910 ಎಂದು ಬರೆದಿದ್ದಾಳೆ. ಉತ್ತರಪಟ್ಟಿಯಲ್ಲಿ 1,000 ಇದೆ. ಇಂಟು ಮಾರ್ಕು ಅವಳಿಗೆ ಬಿದ್ದಿದೆ.