ನೂರಕ್ಕೆ ನೂರೈವತ್ತು

ಗಣಿತದಲ್ಲಿ ಮೂವತ್ತೈದರ ಗಡಿ ದಾಟಲು ಒದ್ದಾಡಿದವನು ನಾನು. ಅಂಥವನ ಲೆಕ್ಕದಲ್ಲಿ ನೂರಕ್ಕೆ ನೂರೈವತ್ತು ಬಂದಾಗಲೇ ಅನುಮಾನ ಪಡಬೇಕಿತ್ತು. ಪಡಲಿಲ್ಲ. ಹಸಿರು ಬಣ್ಣ ಹಚ್ಚಿ ಸೋಮವಾರದ ಮೀಟಿಂಗಿನಲ್ಲಿ ತೋರಿಸಿಬಿಟ್ಟೆ.

ನಮ್ಮದು ಚಕ್ಕುಲಿ, ಕೋಡುಬಳೆ, ಹಪ್ಪಳವನ್ನು ಆನ್‌ಲೈನಿನಲ್ಲಿ ಮಾರುವ ಸಣ್ಣ ಕಂಪನಿ. ಕಾರ್ಟು, ವಿಳಾಸ, ಪೇಮೆಂಟು, ಆರ್ಡರು ಎಂದು ಗಿರಾಕಿಗೆ ನಾಲ್ಕು ಹಂತ. ಯಾವ ಹಂತದಲ್ಲಿ ಎಷ್ಟು ಜನ ಜಾರಿಕೊಂಡರು ಎಂದು ಹೇಳುವುದಕ್ಕೆ ನನಗೆ ಸಂಬಳ. ಈ ಲೆಕ್ಕದ ಹೆಸರು ಫನಲ್, ಅಂದರೆ ಸೀಮೆಎಣ್ಣೆ ಅಂಗಡಿಯ ಆಲಿಕೆ: ಬಾಯಿ ಅಗಲ, ಬುಡ ಸಣ್ಣ. ನನ್ನ ಆಲಿಕೆಗೆ ಮಾತ್ರ ನಡುವೆ ಹೊಟ್ಟೆ ಬಂದಿತ್ತು. ಭಾನುವಾರದ ರಿಯಾಯಿತಿ ಮಾರಾಟದಲ್ಲಿ ವಿಳಾಸದ ಪುಟಕ್ಕೆ 520, ಪೇಮೆಂಟಿಗೆ 780!

“ವಿಳಾಸ ಕೊಟ್ಟವರಿಗಿಂತ ದುಡ್ಡು ಕೊಡೋಕೆ ಬಂದವರೇ ಜಾಸ್ತಿನಾ?” ಎಂದರು ಬಾಸು.

“ಜನಕ್ಕೆ ನಮ್ಮ ಮೇಲೆ ಅಷ್ಟು ಪ್ರೀತಿ ಸಾರ್,” ಎಂದೆ.

ಆಗಿದ್ದಿಷ್ಟು. ಪೇಮೆಂಟ್ ಪುಟ ತೆರೆದುಕೊಂಡಾಗಲೆಲ್ಲ ಟೇಬಲ್ಲಿನಲ್ಲಿ ಒಂದು ಹೊಸ ಸಾಲು ಬೀಳುತ್ತದೆ. ಯುಪಿಐ ಕೈಕೊಟ್ಟು ಗಿರಾಕಿ ವಾಪಸು ಬಂದರೆ ಇನ್ನೊಂದು, ಓಟಿಪಿ ಬರಲಿಲ್ಲವೆಂದು ರಿಫ್ರೆಶ್ ಒತ್ತಿದರೆ ಮತ್ತೊಂದು. ನಾನು `COUNT(*)` ಬರೆದು ಸಾಲುಗಳನ್ನು ಎಣಿಸಿದ್ದೆ, ಜನರನ್ನಲ್ಲ. ಮೂರು ಸಲ ಹೋಳಿಗೆ ಹಾಕಿಸಿಕೊಂಡ ಭಾವನನ್ನು ಮೂವರು ನೆಂಟರೆಂದು ಬರೆದುಕೊಂಡ ಹಾಗೆ.

ಸರಿ, ತಿದ್ದಿದೆ:

```sql
SELECT step, COUNT(DISTINCT user_id) AS people
FROM events
GROUP BY step;
```

ಒಬ್ಬ ಮನುಷ್ಯ ಒಂದು ಹಂತಕ್ಕೆ ಎಷ್ಟು ಸಲ ಬಂದರೂ ಈಗ ಒಂದೇ ಲೆಕ್ಕ. ಕಾರ್ಟು 310, ವಿಳಾಸ 400, ಪೇಮೆಂಟು 440, ಆರ್ಡರು 290. ಹೊಟ್ಟೆ ಕರಗಿಸಲು ಹೋಗಿ ಆಲಿಕೆಯನ್ನೇ ಬೋರಲು ಹಾಕಿದ್ದೆ.

ಒಂದು ದಿನವೆಲ್ಲ ಸರ್ವರನ್ನು ಬೈದ ಮೇಲೆ ತಿಳಿಯಿತು. ನಮ್ಮಲ್ಲಿ ಲಾಗಿನ್ ಕೇಳುವುದು ವಿಳಾಸದ ಹಂತದಲ್ಲಿ. ಲಾಗಿನ್ ಆಗದೆ ಕಾರ್ಟಿಗೆ ಚಕ್ಕುಲಿ ಹಾಕಿದವನ `user_id` ಖಾಲಿ, `NULL`. `COUNT(DISTINCT user_id)` ಈ ಖಾಲಿಗಳನ್ನು ಎಣಿಸುವುದೇ ಇಲ್ಲ, ದೂರುವುದೂ ಇಲ್ಲ. ಬುದ್ಧಿವಂತಿಕೆ ತೋರಿಸಲು, ಖಾಲಿ ಇದ್ದಲ್ಲಿ ಬ್ರೌಸರಿನ ಕುಕೀ ನಂಬರು ತುಂಬಿದೆ. ಕಾರ್ಟಿನ ಸಂಖ್ಯೆಯೇನೋ ಏರಿತು. ಆದರೆ ಒಬ್ಬನೇ ಗಿರಾಕಿ ಕಾರ್ಟಿನಲ್ಲಿ ಕುಕೀ, ವಿಳಾಸದಲ್ಲಿ ಮನುಷ್ಯ. ಇಬ್ಬರಿಗೂ ಪರಿಚಯವೇ ಇಲ್ಲ! ಕೊನೆಗೆ, ಲಾಗಿನ್ ಆದ ಕ್ಷಣದಲ್ಲಿ ಯಾವ ಕುಕೀ ಯಾರದೆಂದು ದಾಖಲಾಗುವ ಟೇಬಲ್ ಸಿಕ್ಕಿತು. ಅದರಿಂದ ಹಳೆಯ ಸಾಲುಗಳಿಗೂ ಒಡೆಯರನ್ನು ಹುಡುಕಿ, ಕೊನೆಯವರೆಗೂ ಲಾಗಿನ್ ಆಗದವರನ್ನು ಕುಕೀಯಾಗಿಯೇ ಬಿಟ್ಟೆ. ಕಾರ್ಟು 640 ಆಯಿತು.

ವಿಳಾಸ 400, ಪೇಮೆಂಟು 440 ಮಾತ್ರ ಹಾಗೇ ಕೂತಿತ್ತು. ಇಲ್ಲಿ ಎಣಿಕೆಯ ತಪ್ಪೇನೂ ಇರಲಿಲ್ಲ. ಹಳೆಯ ಗಿರಾಕಿಗಳ ವಿಳಾಸ ಮೊದಲೇ ಇದ್ದುದರಿಂದ ಅರವತ್ತು ಜನ ಆ ಪುಟವನ್ನೇ ನೋಡದೆ ನೇರ ಪೇಮೆಂಟಿಗೆ ಹಾರಿದ್ದರು. ಪ್ರತಿ ಹಂತವನ್ನು ಬೇರೆ ಬೇರೆಯಾಗಿ ಎಣಿಸಿದರೆ, ಹಿಂದಿನ ಹಂತದಿಂದ ಬಂದವನು ಯಾರು, ಗೋಡೆ ಹಾರಿ ಬಂದವನು ಯಾರು ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಒಬ್ಬೊಬ್ಬರ ಸಮಯ ನೋಡಿ, ವಿಳಾಸ ಕೊಟ್ಟ ಮೇಲೆ ಪೇಮೆಂಟಿಗೆ ಬಂದವರನ್ನಷ್ಟೇ ಆ ದಾರಿಗೆ ಸೇರಿಸಿದೆ: 400ರಲ್ಲಿ 380 ಮುಂದೆ ಹೋದರು, 250 ಆರ್ಡರ್ ಮಾಡಿದರು. ಹಾರಿ ಬಂದ 60ರಲ್ಲಿ 40 ಆರ್ಡರು. ನೂರಕ್ಕೆ ನೂರೈವತ್ತು ಹೋಗಿ ತೊಂಬತ್ತೈದು ಉಳಿಯಿತು.

ಎದೆಯುಬ್ಬಿಸಿ ಮತ್ತೆ ಮೀಟಿಂಗಿಗೆ ಹೋದೆ. ಅಕೌಂಟ್ಸ್ ಮೇಡಂ ಕನ್ನಡಕ ಏರಿಸಿದರು. “ಗೋಡೌನಿನಿಂದ 300 ಪಾರ್ಸೆಲ್ ಹೋಗಿದೆ. ನಿಮ್ಮದು 290. ಹತ್ತು ಪಾರ್ಸೆಲ್ ಯಾರ ಮನೆಗೆ ಹೋಯ್ತು?”

ಹತ್ತು ಜನ ಎರಡೆರಡು ಸಲ ಕೊಂಡಿದ್ದಾರೆ, ನಾನು ಜನರನ್ನು ಎಣಿಸುತ್ತಿದ್ದೇನೆ, ನೀವು ಪಾರ್ಸೆಲ್ಲನ್ನು, ಎಂದು ವಿವರಿಸಿದೆ.

“ಹೋದ ವಾರ ಜನರನ್ನ ಎಣಿಸಬಾರದು ಅಂತ ಏನಾದ್ರೂ ವ್ರತ ಇತ್ತಾ?” ಎಂದರು.

ಬಾಸು ನಡುವೆ ಬಂದು, ಪೇಮೆಂಟ್ ಪುಟವನ್ನು ಅತಿ ಹೆಚ್ಚು ಸಲ ತೆರೆದೂ ಕೊಳ್ಳದೆ ಹೋದವನನ್ನು ಹುಡುಕಿ, ಪಾಪ, ಫೋನ್ ಮಾಡಿ ಸಹಾಯ ಮಾಡೋಣ ಎಂದರು. ಅಲ್ಲೇ ಕ್ವೆರಿ ಓಡಿಸಿದೆ. ಒಂದೇ ಭಾನುವಾರದಲ್ಲಿ 61 ಸಲ. ಬಾಸು ಫೋನಿನಲ್ಲಿ ನಂಬರು ಒತ್ತಿದರು.

ನನ್ನ ಜೇಬು ರಿಂಗಾಯಿತು. ಬಟನ್ ಸರಿಯಾಗಿದೆಯಾ ಎಂದು ಅವತ್ತಿಡೀ ಪರೀಕ್ಷಿಸುತ್ತಿದ್ದವನು ನಾನೇ.