ಚಹಾದ ಹೊತ್ತಿನ ತೀರ್ಮಾನ

ಶಹಾಪುರ, ಸುರಪುರಕ್ಕೆ ರೈಲು ಬಾರದಿದ್ದರೂ ಬೆಂಗಳೂರಿನ ಕಂಪನಿಗಳು ಬಂದುಬಿಟ್ಟಿವೆ. ಓಣಿಗೊಬ್ಬರಾದರೂ ಮನೆಯಲ್ಲೇ ಕೂತು ಅಲ್ಲಿಯ ಪಗಾರ ಎಣಿಸುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗಿಯೂ ಅವರಲ್ಲೊಬ್ಬಳು. ಅವಳ ತಂಡದಲ್ಲಿ ಹೆಚ್ಚಿನವರು ಬೆಂಗಳೂರಿನ ಆಫೀಸಿನಲ್ಲಿ, ಉಳಿದವರು ತಮ್ಮ ತಮ್ಮ ಊರಲ್ಲಿ. ಸಂಜೆ ಐದಕ್ಕೆ ತಲೆನೋವು ಎಂದು ಹೊರಗೆ ಬಂದರೆ ಕಂಪೌಂಡಿನ ಈಚೆಗೆ ನಾನು ಇದ್ದೇ ಇರುತ್ತೇನೆ. ರಿಟೈರಾದ ಗುಮಾಸ್ತನಿಗೆ ಇನ್ನೇನು ಕೆಲಸ?

“ಕಾಕಾ, ಮೀಟಿಂಗ್ ಮುಗೀತಂದ್ರ ನನಗಷ್ಟೇ ಮುಗೀತದ. ಅವರಿಗೆ ಮುಗಿಯಂಗಿಲ್ಲ” ಅಂದಳು ಮೊನ್ನೆ.

ಅಂದ್ರ ಹೆಂಗ ಅಂತ ಕೇಳಿದೆ. ವಿಷಯ ಇಷ್ಟು: ಬೆಂಗಳೂರಿನವರು ಆರು ಜನ ಒಂದು ಕೋಣೆಯಲ್ಲಿ ಒಂದೇ ಮೈಕಿನ ಮುಂದೆ ಕೂಡುತ್ತಾರೆ. ಇವಳೂ ಸುರಪುರದ ಒಬ್ಬ ಹುಡುಗನೂ ಗೋಡೆಯ ಪರದೆಯ ಮೇಲೆ ಸಣ್ಣ ಚೌಕಗಳು. ಮೈಕಿಗೆ ದೂರ ಕೂತವರ ಮಾತು ಇವರಿಗೆ ಗೊಣಗಾಟದ ಹಾಗೆ ಕೇಳುತ್ತದೆ. ಇವರು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ಮೂವರು ಮಾತಾಡಿ ನಕ್ಕಾಗಿರುತ್ತದೆ. ಯಾಕೆ ನಕ್ಕರೋ ಇವರಿಗೆ ಗೊತ್ತಿಲ್ಲ, ಆದರೂ ಇವರೂ ನಗುತ್ತಾರೆ. ಕಾಲ್ ಕಟ್ಟಾದ ಮೇಲೆ ಆ ಆರು ಜನ ಲಿಫ್ಟಿನ ತನಕ, ಅಲ್ಲಿಂದ ಚಹಾದ ತನಕ ಅದೇ ಮಾತು ಮುಂದುವರಿಸುತ್ತಾರೆ. ಅರ್ಧ ಗಂಟೆ ಮೀಟಿಂಗಿನಲ್ಲಿ ಇತ್ಯರ್ಥವಾಗದ್ದು ಒಂದು ಕಪ್ ಚಹಾದಲ್ಲಿ ಆಗಿಬಿಡುತ್ತದೆ.

ಆಗಲಿ ಬಿಡವ್ವ, ಕೆಲಸ ಆದ್ರ ಆಯ್ತಲ್ಲ ಅಂದೆ. ಅದಕ್ಕೆ ಅವಳು ಒಂದು ಪ್ರಕರಣ ಹೇಳಿದಳು.

ಇವರ ಆ್ಯಪಿನಲ್ಲಿ ದುಡ್ಡು ಕಟ್ಟುವ ಭಾಗ ಇವಳ ಉಸ್ತುವಾರಿ. ಗಿರಾಕಿ ಒತ್ತಿದ ಕೂಡಲೇ ಕೋರಿಕೆ ಹೋಗುತ್ತದೆ, ಉತ್ತರಕ್ಕೆ ಆ್ಯಪು 30 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ “ಆಗಲಿಲ್ಲ, ಮತ್ತೆ ಒತ್ತಿ” ಎಂದು ತೋರಿಸುತ್ತದೆ. ತಕರಾರು ಇರುವುದು ಇಲ್ಲೇ. ಎಷ್ಟೋ ಸಲ ಕೋರಿಕೆ ಮುಟ್ಟಿರುತ್ತದೆ, ದುಡ್ಡೂ ಹೋಗಿರುತ್ತದೆ, ಉತ್ತರ ಮಾತ್ರ ತಡವಾಗಿರುತ್ತದೆ. ಗಿರಾಕಿ ಮತ್ತೆ ಒತ್ತಿದರೆ ಎರಡು ಸಲ ಕಡಿತ. ಇದಕ್ಕೆ ಮದ್ದು ಇದೆ: ಪ್ರತಿ ಪಾವತಿಗೂ ಒಂದು ನಂಬರ್ ಕೊಟ್ಟು, ಅದೇ ನಂಬರ್ ಎರಡನೇ ಸಲ ಬಂದರೆ ಸರ್ವರ್ ತೆಗೆದುಕೊಳ್ಳದ ಹಾಗೆ ಮಾಡುವುದು. ಆ ಕೆಲಸ ಇವಳ ಕೈಯಲ್ಲಿ ಅರ್ಧ ಆಗಿತ್ತು. ಮುಗಿಯುವ ತನಕ 30 ಸೆಕೆಂಡನ್ನು ಮುಟ್ಟಬೇಡಿ ಎಂದು ಬರೆದೂ ಇಟ್ಟಿದ್ದಳು. ಹಳ್ಳಿಯ ನೆಟ್‌ವರ್ಕ್ ಎಂಥದು ಅಂತ ಅವಳಿಗೆ ಗೊತ್ತು, ಅವರಪ್ಪನ ಹೊಲದ ಬದುವಿನ ಮೇಲೆ ನಿಂತು ಪರೀಕ್ಷೆ ಮಾಡಿದವಳು.

ಬೆಂಗಳೂರಿನಲ್ಲಿ ಯಾರೋ ಚಹಾ ಕುಡಿಯುತ್ತ ಆ್ಯಪ್ ನಿಧಾನ ಅಂದರು. 10 ಸೆಕೆಂಡ್ ಮಾಡೋಣ ಎಂದು ಇನ್ನೊಬ್ಬರು, ಆಗಲಿ ಎಂದು ಮ್ಯಾನೇಜರ್. ಅವರ ಫೋನಿಗೆ ಉತ್ತರ ಎರಡು ಸೆಕೆಂಡಿಗೇ ಬರುತ್ತಿತ್ತು, ಹಾಗಾಗಿ ಅವರ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಇವಳನ್ನು ಕೇಳಬಾರದು ಅಂತಲೂ ಯಾರಿಗೂ ಇರಲಿಲ್ಲ, ನೆನಪಾಗಲಿಲ್ಲ ಅಷ್ಟೇ. ಶುಕ್ರವಾರ ಬದಲಾವಣೆ ಹೋಯಿತು. ಸೋಮವಾರ ಎರಡು ಸಲ ದುಡ್ಡು ಕಳೆದುಕೊಂಡವರ ದೂರು ಸಾಲುಗಟ್ಟಿತು.

“ಮತ್ತ ನಿನ್ನ ಮ್ಯಾಲ ಬಂತೇನು?”

“ಬರಲಿಲ್ಲ ಕಾಕಾ. ಆಫೀಸ್‌ನಾಗ ಒಬ್ಬಾಂವ ರಾತ್ರಿ ಎರಡರ ತನಕ ಕುಂತು ಮತ್ತ 30 ಮಾಡಿದ. ಮರುದಿನ ಎಲ್ಲರ ಮುಂದ ಅವನಿಗೆ ಚಪ್ಪಾಳಿ. ನಾನೂ ಹೊಡದೆ.”

ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು. ಬಡ್ತಿ ಕೊಡುವಾಗ ಮ್ಯಾನೇಜರುಗಳು ಕೂತು ಒಂದೊಂದೇ ಹೆಸರು ಎತ್ತುತ್ತಾರಂತೆ. ಅಲ್ಲಿ ನೆನಪಿಗೆ ಬರುವುದು ರಾತ್ರಿ ಎರಡರ ತನಕ ಕಣ್ಣಿಗೆ ಕಂಡವನು. ಬೆಂಕಿ ಹತ್ತಬಾರದೆಂದು ಬರೆದಿಟ್ಟವಳ ಬಗ್ಗೆ ಹೇಳಲು ಅಲ್ಲಿ ಕಥೆಯೇ ಇರುವುದಿಲ್ಲ.

ಇದು ಬರೀ ಅವಳ ಮುನಿಸಲ್ಲ. ಚೀನಾದ ಸಿಟ್ರಿಪ್ ಎಂಬ ಪ್ರವಾಸಿ ಕಂಪನಿಯಲ್ಲಿ ಸ್ಟ್ಯಾನ್‌ಫರ್ಡಿನ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು 2010ರಲ್ಲಿ ಪ್ರಯೋಗ ಶುರು ಮಾಡಿದರು. ಒಪ್ಪಿ ಬಂದ ಕಾಲ್‌ಸೆಂಟರ್ ನೌಕರರಲ್ಲಿ ಸರಿಸಂಖ್ಯೆಯ ತಾರೀಖಿನಂದು ಹುಟ್ಟಿದವರಿಗೆ ವಾರಕ್ಕೆ ನಾಲ್ಕು ದಿನ ಮನೆ, ಬೆಸಸಂಖ್ಯೆಯವರಿಗೆ ಆಫೀಸು. (ನಮ್ಮ ಕಡೆ ಈ ಪ್ರಯೋಗ ನಡೆಯುವುದಿಲ್ಲ. ಮಾಸ್ತರರ ಕೃಪೆಯಿಂದ ನಮ್ಮ ತಲೆಮಾರಿನ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ.) ಒಂಬತ್ತು ತಿಂಗಳಲ್ಲಿ ಮನೆಯವರ ಕೆಲಸ ಶೇ. 13ರಷ್ಟು ಹೆಚ್ಚಾಯಿತು. ಆದರೆ ಅಷ್ಟೇ ಕೆಲಸ ಮಾಡಿದವರನ್ನು ಹೋಲಿಸಿದಾಗ ಬಡ್ತಿ ಸಿಕ್ಕಿದ್ದು ಮನೆಯವರಿಗೇ ಕಡಿಮೆ.

ಅದೇ ಕಂಪನಿಯಲ್ಲಿ ಆಮೇಲೆ ಇನ್ನೊಂದು ಪ್ರಯೋಗವಾಯಿತು, 2024ರಲ್ಲಿ ವರದಿ ಬಂತು. ಅದರಲ್ಲಿ ವಾರಕ್ಕೆ ಎರಡೇ ದಿನ ಮನೆ, ಮೂರು ದಿನ ಆಫೀಸು. ಬಡ್ತಿಯಲ್ಲಿ ಫರಕು ಕಾಣಲಿಲ್ಲ, ಕೆಲಸ ಬಿಡುವವರು ಮೂರನೇ ಒಂದು ಭಾಗ ಕಡಿಮೆಯಾದರು. ಮೂರು ದಿನ ಮುಖ ತೋರಿಸಿದರೆ ಮರೆಯುವುದಿಲ್ಲ ಅಂತಲೇ ನಾನು ಓದಿಕೊಂಡೆ. ಶಹಾಪುರದವಳು ವಾರಕ್ಕೆ ಮೂರು ದಿನ ಮುಖ ತೋರಿಸುವುದು ಹೇಗೆ? ರೈಲು ಹಿಡಿಯಲೂ ಮೊದಲು ಯಾದಗಿರಿಗೆ ಹೋಗಬೇಕು. ದೂರದವರಿಗೆ ಅನ್ಯಾಯವಾಗುತ್ತದೆ ಎಂದು ಸಂವಿಧಾನವೇ ಒಪ್ಪಿ ನಮ್ಮ ಭಾಗಕ್ಕೆ 371(ಜೆ) ಕೊಟ್ಟಿತು. ಕಂಪನಿಯ ಚಹಾದ ಯಂತ್ರಕ್ಕೆ ಅದು ಅನ್ವಯಿಸುವುದಿಲ್ಲ.

ಗುಮಾಸ್ತನಾಗಿ ನನಗೆ ತಿಳಿದದ್ದು ಒಂದೇ: ಟಿಪ್ಪಣಿ ಹಾಳೆ. ಕಡತ ತೆವಳುತ್ತದೆ ಎಂದು ಜನ ಬೈದಿದ್ದಾರೆ, ನ್ಯಾಯವೇ. ಸಾಹೇಬರ ಕೋಣೆಯಲ್ಲಿ ಕೂತವನ ಮಾತಿಗೆ ನಮ್ಮಲ್ಲೂ ತೂಕ ಜಾಸ್ತಿ. ಆದರೆ ಸಾಹೇಬರು ಬಾಯಲ್ಲಿ ಹೇಳಿದ್ದನ್ನು ಕಡತದಲ್ಲಿ ಬರೆದು ಸಹಿ ಪಡೆಯಬೇಕಿತ್ತು. ದೂರದ ಹೋಬಳಿಯವನು ಬರೆದ ಆಕ್ಷೇಪ ಅದೇ ಹಾಳೆಯಲ್ಲಿ ಇರುತ್ತಿತ್ತು, ದಾಟಿ ಹೋಗುವವರು ಯಾಕೆ ದಾಟಿದೆ ಎಂದು ಬರೆಯಬೇಕಿತ್ತು.

“ನಿಮ್ಮಲ್ಲಿ ಅಂಥಾದ್ದು ಇಲ್ಲೇನವ್ವ?”

“ಅದ ಕಾಕಾ. ಕೆಲಸಕ್ಕೊಂದು ಟಿಕೆಟ್ ಅಂತ ಇರ್ತದ. ಚಹಾದ ಮಾತು ಅದ್ರಾಗ ಯಾರೂ ಬರೆಯಂಗಿಲ್ಲ.”

ಆಮೇಲೆ ಅವಳೇ ಮ್ಯಾನೇಜರನ್ನು ಒಪ್ಪಿಸಿದಳು. ತೀರ್ಮಾನ ಎಲ್ಲೇ ಆಗಲಿ ಟಿಕೆಟ್‌ನಲ್ಲಿ ಮೂರು ಸಾಲು: ಏನು, ಯಾಕೆ, ಯಾರಿಗೆ ತಾಗುತ್ತದೆ. ಮರುದಿನ ಮಧ್ಯಾಹ್ನದವರೆಗೆ ಆಕ್ಷೇಪಕ್ಕೆ ಸಮಯ, ಆಮೇಲಷ್ಟೇ ಕೆಲಸ ಶುರು. ಒಬ್ಬರಾದರೂ ಹೊರಗಿನಿಂದ ಸೇರಿದರೆ ಕೋಣೆಯ ಆರು ಜನರೂ ತಮ್ಮ ತಮ್ಮ ಲ್ಯಾಪ್‌ಟಾಪಿನಿಂದಲೇ ಸೇರಬೇಕು, ಆಗ ಎಲ್ಲರೂ ಸಣ್ಣ ಚೌಕಗಳೇ. ಮೊದಲ ವಾರ ಎಲ್ಲರೂ ಗೊಣಗಿದರಂತೆ. ಸರ್ವರ್ ಬಿದ್ದಾಗ ಮರುದಿನದ ತನಕ ಕಾಯಲಾಗದು, ಆಗ ಮೊದಲು ಮಾಡಿ ಆಮೇಲೆ ಬರೆಯುವುದು. ಆದರೆ ಈ ವಿನಾಯಿತಿಯೇ ದಿನವೂ ನಡೆಯತೊಡಗಿದರೆ ಚಹಾ ಮತ್ತೆ ಗೆದ್ದಿತು ಅಂತಲೇ ಅರ್ಥ.

ಬಡ್ತಿಯ ವಿಷಯಕ್ಕೆ ಮಾತ್ರ ಟಿಕೆಟ್ ಸಾಲದು. ಅದಕ್ಕೆ ಮ್ಯಾನೇಜರುಗಳಿಗೇ ನನ್ನದೊಂದು ಅರಿಕೆ: ಈ ಸಲ ಪಟ್ಟಿಗೆ ಸಹಿ ಹಾಕುವ ಮುಂಚೆ ಆಫೀಸಿನವರು, ಹೊರಗಿನವರು ಎಂದು ಹೆಸರುಗಳನ್ನು ಎರಡು ಸಾಲಾಗಿ ಬರೆದು ನೋಡಿರಿ. ಒಂದು ಸಾಲು ಖಾಲಿ ಕಂಡರೆ ಸಹಿ ತಡೆದು, ಆ ಸಾಲಿನವರು ವರ್ಷವಿಡೀ ಬರೆದಿಟ್ಟದ್ದನ್ನು ಒಮ್ಮೆ ಓದಿರಿ.